ಮನೆ ಕೊಟೇಶನ್‌ನಲ್ಲಿ ವೇಸ್ಟೇಜ್ 3%, ಕಂಟಿಂಜೆನ್ಸಿ 5% ಹಾಕಿದ್ದಾರೆ: ಸರಿನಾ? (ದಾವಣಗೆರೆ)

ನಿಟುವಳ್ಳಿ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು 30×40 ಸೈಟ್. ನೆಲಮಹಡಿ ಮಾತ್ರ ಕಟ್ಟಿಸುತ್ತಿದ್ದೇವೆ. ಹೊರ ಅಳತೆ 25×33, ಅಂದರೆ 825 ಚದರಡಿ. ಮೆಟೀರಿಯಲ್ ಸಮೇತ ಕೊಟೇಶನ್ ಬಂದಿದೆ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಸಾಲು, ಪ್ರಮಾಣ, ದರ, ಮೊತ್ತ ಎಲ್ಲ ಹಾಕಿದ್ದಾರೆ. ಕೊನೆಯಲ್ಲಿ ಹೀಗಿದೆ:

ಕೆಲಸಗಳ ಮೊತ್ತ 17,40,000
ವೇಸ್ಟೇಜ್ 3%: 52,200
ಕಂಟಿಂಜೆನ್ಸಿ 5%: 89,610
ಒಟ್ಟು 18,81,810

ಅನಿರೀಕ್ಷಿತ ಖರ್ಚಿಗೆ ಅಂತ ಹಾಕಿರೋ ಕಂಟಿಂಜೆನ್ಸಿ 5% ಜಾಸ್ತಿ ಆಯ್ತು, 3%ಗೆ ಇಳಿಸೋಕೆ ಕೇಳು ಅಂತ ಅಪ್ಪ ಹೇಳುತ್ತಿದ್ದಾರೆ. ಎಷ್ಟು ಪರ್ಸೆಂಟ್ ನ್ಯಾಯ? ತಿಳಿದವರು ಹೇಳಿ. ಈ ಶುಕ್ರವಾರ ಅಡ್ವಾನ್ಸ್ ಕೊಡಬೇಕು.

ಹರಿಹರದ ಸೀನಪ್ಪ
18.8 ಲಕ್ಷನ 825ರಿಂದ ಭಾಗಿಸಿದ್ರೆ ಚದರಡಿಗೆ 2,281 ಬೀಳುತ್ತೆ. ನಮ್ಮ ಮಾವನ ಮಗ 1,950ಕ್ಕೆ ಕಟ್ಟಿಸಿದ. ನಿಮಗೆ ಮೋಸ ಆಗ್ತಿದೆ. ಬೇರೆಯವರನ್ನ ನೋಡಿ.

ನಿಟುವಳ್ಳಿ ಹುಡುಗ
ಸೀನಪ್ಪಣ್ಣ, ಅವರ ಮನೆಯಲ್ಲಿ ಸಂಪು, ಕಾಂಪೌಂಡ್ ಸೇರಿತ್ತಾ? ನಮ್ಮದರಲ್ಲಿ ಎರಡೂ ಇದೆ.

ಹರಿಹರದ ಸೀನಪ್ಪ
ಅದು ಗೊತ್ತಿಲ್ಲಪ್ಪ. ಕೇಳಿ ಹೇಳ್ತೀನಿ.

ಟೇಪು ಹಿಡಿದವ
ಮೂವತ್ತು ವರ್ಷ ಅಳತೆ ಪುಸ್ತಕ ಬರೆದವನು ನಾನು. ನಿಮ್ಮ ಅಪ್ಪನವರು ಕೇಳಿದ್ದು ತಪ್ಪಲ್ಲ. ಆದರೆ ಅದನ್ನು ಕೊನೆಯಲ್ಲಿ ಕೇಳಬೇಕು. ಪರ್ಸೆಂಟ್ ಯಾವುದರ ಮೇಲೆ ಕೂತಿದೆ ಅಂತ ಮೊದಲು ನೋಡಿ. ಕೆಳಗಿನ ಪ್ರಮಾಣವೇ ತಪ್ಪಿದ್ದರೆ 5ರ ಬದಲು 3 ಹಾಕಿಸಿಕೊಂಡು ಖುಷಿಪಡೋದು ಸುಮ್ನೆ.

ಒಂದು ಸಾಲು ಹಿಡಿದು ಪೂರ್ತಿ ನೋಡೋಣ. ಟೈಲ್ಸ್ ಸಾಲು ಹಾಕಿ. ಕಳ್ಳ ಹೆಚ್ಚಾಗಿ ಅಲ್ಲೇ ಕೂತಿರುತ್ತಾನೆ. ರೂಮುಗಳ ಒಳ ಅಳತೆ ಕೂಡ ಬೇಕು.

ನಿಟುವಳ್ಳಿ ಹುಡುಗ
ಟೈಲ್ಸ್ ಸಾಲು ಹೀಗಿದೆ ಸರ್: "2×2 ವಿಟ್ರಿಫೈಡ್ ಟೈಲ್ಸ್ ನೆಲಹಾಸು, ಸ್ಕರ್ಟಿಂಗ್ ಸೇರಿ. 825 ಚದರಡಿ + ವೇಸ್ಟೇಜ್ 10% = 908 ಚದರಡಿ × 135 = 1,22,580."

ಒಳ ಅಳತೆ: ಹಾಲ್ 14×15, ಅಡುಗೆಮನೆ 10×9, ಬೆಡ್‌ರೂಮ್ 11×12 ಮತ್ತು 10×11, ದೇವರಮನೆ 4×5, ಪ್ಯಾಸೇಜ್ 3.5×10, ಬಚ್ಚಲು ಎರಡು 5×7, ಯುಟಿಲಿಟಿ 4×8. ಮೆಟ್ಟಿಲು ಹೊರಗಡೆ ಇದೆ. ಬಚ್ಚಲು ಮತ್ತು ಯುಟಿಲಿಟಿಯ ಜಾರದ ಟೈಲ್ಸ್‌ಗೆ ಬೇರೆ ಸಾಲು ಹಾಕಿದ್ದಾರೆ.

ಟೇಪು ಹಿಡಿದವ
ನಿಮ್ಮ ಉತ್ತರ ಆ ಕೊನೆಯ ವಾಕ್ಯದಲ್ಲೇ ಇದೆ ನೋಡಿ.

825 ಅನ್ನೋದು ಮನೆಯ ಹೊರಗೆ ನಿಂತು ಟೇಪು ಹಿಡಿದರೆ ಸಿಗೋ ಲೆಕ್ಕ. ಗೋಡೆಯ ದಪ್ಪವೂ ಅದರೊಳಗೇ ಬಂತು. ಗೋಡೆ ಕೆಳಗೆ ಯಾರೂ ಟೈಲ್ಸ್ ಹಾಕಲ್ಲ ಅಲ್ವಾ? ಹೊರಗೋಡೆ 9 ಇಂಚು ಅಂದುಕೊಂಡರೆ ಒಳಗೆ 23.5×31.5, ಸುಮಾರು 740 ಚದರಡಿ ಉಳಿಯುತ್ತೆ. ನೀವು ಕೊಟ್ಟ ರೂಮುಗಳನ್ನೆಲ್ಲ ಕೂಡಿದರೆ 699. ನಡುವಿನ 41 ಚದರಡಿ ಒಳಗೋಡೆಗಳು. 6 ಇಂಚಿನ ಗೋಡೆ 82 ಅಡಿ ಉದ್ದ ಅಂತ ಲೆಕ್ಕ ಬರುತ್ತೆ. ನಿಮ್ಮ ಮನೆಗೆ ಅದು ಹೊಂದುತ್ತೆ, ಹಾಗಾಗಿ ನಿಮ್ಮ ಅಳತೆಯನ್ನು ನಂಬಬಹುದು.

ಈ 699ರಲ್ಲಿ ಬಚ್ಚಲು 70, ಯುಟಿಲಿಟಿ 32. ಅವುಗಳಿಗೆ ಬೇರೆ ಸಾಲು ಇರೋದರಿಂದ ಇಲ್ಲಿ ತೆಗೆಯಬೇಕು. ಉಳಿದದ್ದು 597.

ಕಂಟ್ರಾಕ್ಟರ್ ಕಡೆಯ ನ್ಯಾಯವನ್ನೂ ನೋಡಬೇಕು. ಸ್ಕರ್ಟಿಂಗ್ ಸೇರಿ ಅಂದಿದ್ದಾರೆ. ಆ ರೂಮುಗಳ ಸುತ್ತಳತೆ ಕೂಡಿ, ಬಾಗಿಲಿನ ಜಾಗ ಬಿಟ್ಟರೆ ಸುಮಾರು 200 ಅಡಿ. 4 ಇಂಚು ಎತ್ತರಕ್ಕೆ 67 ಚದರಡಿ. ಒಟ್ಟು 664.

ಅವರು ಬರೆದದ್ದು 908, ನಿಜವಾದ ಕೆಲಸ 664. ಇನ್ನೂ ವೇಸ್ಟೇಜ್ ಮಾತಿಗೇ ಬಂದಿಲ್ಲ ನಾವು.

ವಿದ್ಯಾನಗರ ಮಂಜು
ಸರ್, 664ಕ್ಕೆ 10% ವೇಸ್ಟೇಜ್ ಹಾಕಿದ್ರೆ 730 ಆಗುತ್ತೆ. 730ಕ್ಕೆ 135 ಕೊಡಬೇಕು, ಅಷ್ಟೇ ಅಲ್ವಾ? ನಾನು ಸೈಟ್ ಸೂಪರ್‌ವೈಸರ್, ನಾವು ಹಂಗೇ ಮಾಡೋದು.

ಟೇಪು ಹಿಡಿದವ
ಅರ್ಧ ಸರಿ ಮಂಜು. ಅಂಗಡಿಯಿಂದ ತರೋವಾಗ ವೇಸ್ಟೇಜ್ ಸೇರಿಸಲೇಬೇಕು. ಬಿಲ್ ಬರೆಯೋವಾಗ ಅದು ಬರಬಾರದು.

135ರಲ್ಲಿ ಏನೇನಿದೆ ಯೋಚಿಸು. ಟೈಲ್ಸ್ ಬೆಲೆ ಇದೆ, ಕೆಳಗಿನ ಮರಳು ಸಿಮೆಂಟ್ ಇದೆ, ಹಾಸೋ ಕೂಲಿ ಇದೆ, ಅವರ ಲಾಭ ಇದೆ. ಕತ್ತರಿಸಿ ಬಿಸಾಡಿದ ತುಂಡಿಗೆ ಟೈಲ್ಸ್ ಬೆಲೆ ಹೋಯಿತು, ನಿಜ. ಆದರೆ ಆ ತುಂಡನ್ನು ಯಾರೂ ಹಾಸಿಲ್ಲ, ಕೆಳಗೆ ಸಿಮೆಂಟೂ ಹಾಕಿಲ್ಲ. ಪ್ರಮಾಣದಲ್ಲಿ 10% ಏರಿಸಿದರೆ ಹಾಸದ ಟೈಲ್ಸ್‌ಗೆ ಕೂಲಿ ಕೊಟ್ಟ ಹಾಗೆ. ಅದಕ್ಕೇ ಟೈಲ್ಸ್‌ನ ವೇಸ್ಟೇಜ್ ದರದ ಒಳಗೆ ಇರಬೇಕು, ಅದೂ ಟೈಲ್ಸ್ ಬೆಲೆಯ ಮೇಲೆ ಮಾತ್ರ. ಪ್ರಮಾಣ ಅಂದರೆ ಕೆಲಸ ಮುಗಿದ ಮೇಲೆ ನೆಲದ ಮೇಲೆ ಟೇಪು ಹಿಡಿದರೆ ಸಿಗೋದು.

ಹುಡುಗ, ಕೊಟೇಶನ್‌ನ ಕೊನೆ ಪುಟದಲ್ಲಿ ಷರತ್ತುಗಳು ಇರುತ್ತವಲ್ಲ, ಅಲ್ಲಿ ದರದ ಬಗ್ಗೆ ಏನು ಬರೆದಿದ್ದಾರೆ ನೋಡು.

ನಿಟುವಳ್ಳಿ ಹುಡುಗ
ಅಯ್ಯೋ. ಮೂರನೇ ಷರತ್ತು: "ಮೇಲಿನ ದರಗಳು ಮೆಟೀರಿಯಲ್, ಕೂಲಿ, ಸಾಗಾಟ ಮತ್ತು ವೇಸ್ಟೇಜ್ ಒಳಗೊಂಡಿವೆ."

ಟೇಪು ಹಿಡಿದವ
ಹಾಗಾದರೆ ಒಂದೇ ತುಂಡು ಟೈಲ್ಸ್ ಮೂರು ಸಲ ಒಡೆದಿದೆ. ದರದಲ್ಲಿ ಒಂದು ಸಲ, ಪ್ರಮಾಣದ 10%ನಲ್ಲಿ ಇನ್ನೊಂದು ಸಲ, ಕೊನೆಯ 3%ನಲ್ಲಿ ಮತ್ತೊಂದು ಸಲ.

664ನ್ನು 135ರಿಂದ ಗುಣಿಸಿದರೆ 89,640. ಅವರದ್ದು 1,22,580. ಈ ಒಂದು ಸಾಲಿನಲ್ಲೇ 32,940 ಜಾಸ್ತಿ. ಕಂಟಿಂಜೆನ್ಸಿಯನ್ನು 5ರಿಂದ 3ಕ್ಕೆ ಇಳಿಸಿದರೆ ಉಳಿಯೋದು ಸುಮಾರು 36,000. ಒಂದೇ ಸಾಲು ಹೆಚ್ಚುಕಡಿಮೆ ಅಷ್ಟನ್ನು ತಿಂದಿತ್ತು.

ಶಾಮನೂರು ರಸ್ತೆ ಲತಾ
ನಮ್ಮ ಮನೇಲೂ ವೇಸ್ಟೇಜ್ ತುಂಬಾ ಆಯ್ತು. ಇಟ್ಟಿಗೆ ಲಾರಿ ಬಂದಾಗ ಹಿಂದಿನಿಂದ ಒಂದೇ ಸಲ ಸುರಿದುಬಿಟ್ಟರು. ಅರ್ಧ ಒಡೆದೇ ಹೋದವು. ಡ್ರೈವರ್‌ಗೆ ಕೈಯಲ್ಲಿ ಇಳಿಸೋಕೆ ಹೇಳಿ, ಆಗ ವೇಸ್ಟೇಜ್ ಕಡಿಮೆ ಆಗುತ್ತೆ.

ವಿದ್ಯಾನಗರ ಮಂಜು
ಲತಾ ಅಕ್ಕ, ಇಲ್ಲಿ ಕಾಗದದ ಮೇಲಿನ ವೇಸ್ಟೇಜ್ ಮಾತಾಡ್ತಿದ್ದೀವಿ 😀 ಆದ್ರೆ ನೀವು ಹೇಳಿದ್ದೂ ನಿಜ. ಮೆಟೀರಿಯಲ್ ನೀವೇ ಕೊಡಿಸೋದಾದ್ರೆ ಒಡೆದದ್ದು ನಿಮ್ಮ ನಷ್ಟ. ಕಂಟ್ರಾಕ್ಟರ್ ತರೋದಾದ್ರೆ ಅವರ ನಷ್ಟ.

ಟೇಪು ಸರ್, ಬಿಲ್ ವಿಷಯ ಒಪ್ಪಿದೆ. ಆದ್ರೆ ಖರೀದಿಗೆ 5% ಸಾಕಾ, 10% ಬೇಕಾ?

ಟೇಪು ಹಿಡಿದವ
ಹಾಸೋ ರೀತಿಯ ಮೇಲೆ ಹೋಗುತ್ತೆ. ಗೋಡೆಗೆ ನೇರವಾಗಿ ಹಾಸಿದರೆ, ರೂಮುಗಳು ಚೌಕಾಗಿದ್ದರೆ 5% ಸಾಕು. ಓರೆಯಾಗಿ ಹಾಸಿದರೆ 10%ವರೆಗೂ ಬೇಕಾಗುತ್ತೆ. ಯಾಕಂದರೆ ಪ್ರತಿ ಗೋಡೆಯ ಪಕ್ಕ ತ್ರಿಕೋನದ ತುಂಡು ಬೀಳುತ್ತೆ.

2×2 ಅಂತ ಕರೆದರೂ ಟೈಲ್ಸ್ 600 ಮಿಲಿಮೀಟರ್, ಪೂರ್ತಿ ಎರಡಡಿ ಇರಲ್ಲ. ನಾಲ್ಕು ಪೀಸಿನ ಒಂದು ಬಾಕ್ಸ್‌ಗೆ 16 ಅಲ್ಲ, 15.5 ಚದರಡಿ ಬರುತ್ತೆ. ಬಾಕ್ಸ್ ಲೆಕ್ಕ ಎಕ್ಸೆಲ್‌ನಲ್ಲಿ ಹೀಗೆ:

```
=ROUNDUP(664*1.05/15.5,0)
```

45 ಬಾಕ್ಸ್ ಬರುತ್ತೆ. 1.05 ಇರೋ ಕಡೆ 1.10 ಹಾಕಿದರೆ 48. ನೋಡಿ, 5%ಗೂ 10%ಗೂ ಮಧ್ಯೆ ಇರೋದು ಮೂರೇ ಬಾಕ್ಸ್. ಅವರ 908ರ ಪ್ರಕಾರ 59 ಬಾಕ್ಸ್ ಬೇಕು. ಮೂರು ಬಾಕ್ಸ್‌ಗೆ ಜಗಳ ಆಡ್ತಾ ಹನ್ನೊಂದು ಬಾಕ್ಸ್ ಬಿಟ್ಟುಕೊಡಬೇಡಿ.

ಮಂಡಿಪೇಟೆ ಗುಮಾಸ್ತ
ನನಗೆ ಕಟ್ಟಡದ ಕೆಲಸ ಗೊತ್ತಿಲ್ಲ, ಮಂಡಿಯಲ್ಲಿ ಲೆಕ್ಕ ಬರೀತೀನಿ. ಪ್ರಮಾಣ × ದರ = ಮೊತ್ತ ಸರಿ ಇದೆಯಾ ಅಂತ ಎಲ್ಲ ಸಾಲಲ್ಲೂ ಗುಣಿಸಿ ನೋಡಿದ್ರಾ? ಪಿಡಿಎಫ್ ಆಗಿದ್ದರೆ ಅಂಕಿ ಕೈಯಲ್ಲಿ ಹೊಡೆದಿರಬಹುದು. ನಂಬಬೇಡಿ.

ನಿಟುವಳ್ಳಿ ಹುಡುಗ
ಈಗ ಮಾಡಿದೆ ಸರ್. 38 ಸಾಲು ಇದೆ, 37 ಸರಿ. ಒಂದು ಇಲ್ಲ. ಹೊರಗೋಡೆ ಪ್ಲಾಸ್ಟರಿಂಗ್ 1,508 ಚದರಡಿ × 52 = 87,416 ಅಂತ ಇದೆ. ನನಗೆ 78,416 ಬರ್ತಿದೆ. ಎರಡು ಸಲ ಮಾಡಿದೆ.

ಮಂಡಿಪೇಟೆ ಗುಮಾಸ್ತ
ವ್ಯತ್ಯಾಸ 9,000. ಒಂಬತ್ತರಿಂದ ಸರಿಯಾಗಿ ಭಾಗ ಆಗುತ್ತೆ. ಪಕ್ಕಪಕ್ಕದ ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೇ. 78 ಬರೆಯೋ ಕಡೆ 87 ಆಗಿದೆ. ಬೇಕಂತ ಮಾಡಿದ್ದಲ್ಲ ಅನ್ಸುತ್ತೆ, ಕೈತಪ್ಪು. ಜಗಳ ಮಾಡದೆ ಹೇಳಿ, ತಿದ್ದುತ್ತಾರೆ.

ವಿದ್ಯಾನಗರ ಮಂಜು
1,508 ಸರಿ ಇದೆ. ಸುತ್ತಳತೆ 116, ಪ್ಯಾರಾಪೆಟ್ ಸೇರಿ ಎತ್ತರ 13. ಆದ್ರೆ ಕಿಟಕಿ ಬಾಗಿಲು ಕಳೆದೇ ಇಲ್ವಲ್ಲ! ಒಳಗೂ ಹೊರಗೂ ಎರಡೂ ಕಡೆ ಕಳೀಬೇಕು. ಹುಡುಗ, ಕಿಟಕಿ ಬಾಗಿಲ ಪಟ್ಟಿ ಹಾಕಿ.

ನಿಟುವಳ್ಳಿ ಹುಡುಗ
ಮುಂಬಾಗಿಲು 3.5×7. ಬೆಡ್‌ರೂಮ್ ಎರಡು, ಹಿತ್ತಲು ಬಾಗಿಲು ಒಂದು, ಮೂರೂ 3×7. ಬಚ್ಚಲ ಬಾಗಿಲು ಎರಡು 2.5×7. ಕಿಟಕಿ 4×4 ಐದು. ಹಾಲಿನ ದೊಡ್ಡ ಕಿಟಕಿ 8×5. ವೆಂಟಿಲೇಟರ್ ಎರಡು 2×1.5.

ವಿದ್ಯಾನಗರ ಮಂಜು
ಎರಡೂ ಕಡೆ ಕಳೆದ್ರೆ 497 ಚದರಡಿ. ಒಳಗಿನ ದರ ಎಷ್ಟು?

ನಿಟುವಳ್ಳಿ ಹುಡುಗ
42.

ವಿದ್ಯಾನಗರ ಮಂಜು
ಆ ಕಡಿಮೆ ದರದಲ್ಲೇ 20,000 ದಾಟುತ್ತೆ. ಇದನ್ನೂ ಹಿಡೀರಿ.

ಟೇಪು ಹಿಡಿದವ
ನಿಧಾನ ಮಂಜು. ಇದನ್ನ ಹಿಡಿದುಕೊಂಡು ಹೋದರೆ ಹುಡುಗ ಅಲ್ಲಿ ಸೋಲ್ತಾನೆ.

ಕಿಟಕಿ ಇರೋ ಕಡೆ ಗೋಡೆ ಇಲ್ಲ, ಸರಿ. ಆದರೆ ಕಿಟಕಿಯ ಸುತ್ತ ಗೋಡೆ ದಪ್ಪದ ಅಂಚು ಇದೆಯಲ್ಲ, ಅದಕ್ಕೂ ಗಾರೆ ಮೆತ್ತಬೇಕು. ಮೂಲೆ ತೆಗೆಯೋದು ಬಯಲು ಗೋಡೆಗಿಂತ ಕಷ್ಟದ ಕೆಲಸ. ಅದಕ್ಕೆ ಕಟ್ಟಡ ಕೆಲಸ ಅಳೆಯೋ ಭಾರತೀಯ ಮಾನದಂಡವಾದ ಐಎಸ್ 1200ರಲ್ಲಿ ಒಂದು ಹೊಂದಾಣಿಕೆ ಇದೆ. ಅರ್ಧ ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರಡಿವರೆಗಿನ ತೆರಪಿಗೆ ಏನೂ ಕಳೆಯಲ್ಲ. ಅದಕ್ಕಿಂತ ದೊಡ್ಡದು, 3 ಚದರ ಮೀಟರ್ ಅಂದರೆ 32 ಚದರಡಿವರೆಗೆ ಒಂದು ಕಡೆ ಮಾತ್ರ ಕಳೆದು ಅಂಚನ್ನು ಬೇರೆ ಲೆಕ್ಕ ಹಾಕಲ್ಲ. ಅದನ್ನೂ ದಾಟಿದರೆ ಎರಡೂ ಕಡೆ ಕಳೆದು ಅಂಚನ್ನು ಸೇರಿಸಬೇಕು.

ನಿಮ್ಮ ಪಟ್ಟಿಯಲ್ಲಿ ವೆಂಟಿಲೇಟರ್‌ಗೆ ಕಳೆಯೋದಿಲ್ಲ. ಬಾಗಿಲುಗಳು ಮತ್ತು ಐದು ಕಿಟಕಿ ಸೇರಿ ಒಂದು ಕಡೆಗೆ 202. ಹಾಲಿನ ದೊಡ್ಡ ಕಿಟಕಿ ಎರಡೂ ಕಡೆ 80, ಅದರ ಅಂಚು ಸುಮಾರು 13 ವಾಪಸ್ ಸೇರಿಸಿ. ಹತ್ತಿರ ಹತ್ತಿರ 270 ಚದರಡಿ. ಯಾವ ಕಡೆ ಕಳೀಬೇಕು ಅನ್ನೋದು ಚೌಕಟ್ಟು ಯಾವ ಕಡೆಗೆ ಕೂತಿದೆ ಅನ್ನೋದರ ಮೇಲೆ ಹೋಗುತ್ತೆ. ಸದ್ಯಕ್ಕೆ 42ರಲ್ಲೇ ಹಿಡಿದರೆ 11,340.

ಗಾರೆ ಕೆಲಸದ ರುದ್ರೇಶ
ನಾನು ಮೇಸ್ತ್ರಿ. ಪುಸ್ತಕದ ಮಾತು ಸರ್ಕಾರಿ ಕೆಲಸಕ್ಕೆ ಸರಿ. ನಮ್ಮ ಕಡೆ ಖಾಸಗಿ ಮನೆಗೆ ಕಿಟಕಿ ಬಾಗಿಲು ಕಳೆಯಲ್ಲ, ಅಂಚು ಸಜ್ಜಾಕ್ಕೂ ಬೇರೆ ಕೇಳಲ್ಲ. ನೀವು ಕಳೆದ್ರೆ ನಾವು ಅಂಚಿಗೆ ರನ್ನಿಂಗ್ ಫೀಟ್ ಲೆಕ್ಕ ಕೇಳ್ತೀವಿ. ಸಜ್ಜಾದ ಮೇಲೆ, ಕೆಳಗೆ, ಮುಂದೆ ಮೂರೂ ಕಡೆ ಕೇಳ್ತೀವಿ. ಕೊನೆಗೆ ನಿಮಗೇ ಜಾಸ್ತಿ ಬೀಳುತ್ತೆ.

ಟೇಪು ಹಿಡಿದವ
ರುದ್ರೇಶಣ್ಣ, ಅದೂ ಒಂದು ಪದ್ಧತಿ, ತಪ್ಪು ಅನ್ನಲ್ಲ. ಆದರೆ ಕೆಲಸ ಶುರು ಆಗೋ ಮುಂಚೆ ಬರೆದಿರಬೇಕು. ಈ ಕೊಟೇಶನ್‌ನಲ್ಲಿ ಸಜ್ಜಾ ಪ್ಲಾಸ್ಟರಿಂಗ್‌ಗೆ ಬೇರೆ ಸಾಲು ಇದ್ದರೆ ಕಿಟಕಿ ಕಳೀಬೇಕು. ಇಲ್ಲದಿದ್ದರೆ ಬಿಡಬಹುದು.

ನಿಟುವಳ್ಳಿ ಹುಡುಗ
ಸಜ್ಜಾಕ್ಕೆ ಬೇರೆ ಸಾಲು ಇದೆ ಸರ್. ರನ್ನಿಂಗ್ ಫೀಟ್ ಲೆಕ್ಕ.

ಗಾರೆ ಕೆಲಸದ ರುದ್ರೇಶ
ಹಂಗಿದ್ರೆ ಕೇಳಿ. ಆದ್ರೂ ಅಂಚು ಅಂಚೇ.

ಕೋಟೆ ಊರಿನವ
ಚಿತ್ರದುರ್ಗದಿಂದ. ಕಂಟಿಂಜೆನ್ಸಿ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಮ್ಮ ಮನೆ ಪಾಯ ತೆಗೆಯೋವಾಗ ಮೂರಡಿಗೇ ಬಂಡೆ ಸಿಕ್ತು. ಒಂದು ಮೂಲೆಯಲ್ಲಿ ಮಾತ್ರ. ಬ್ರೇಕರ್ ತರಿಸಿ ಒಡೆಸೋಕೆ ನಾಲ್ಕು ದಿನ ಹಿಡೀತು. ಕೊಟೇಶನ್‌ನಲ್ಲಿ "ಸಾಧಾರಣ ಮಣ್ಣು" ಅಂತ ಮಾತ್ರ ಇತ್ತು. ಕಂಟಿಂಜೆನ್ಸಿ ಅಂತ ಏನೂ ಇಟ್ಟಿರಲಿಲ್ಲ, ಸಾಲ ಮಾಡಿದೆ. ಹಾಗಾಗಿ 5% ಇರಲಿ ಅಂತ ನಾನು ಹೇಳ್ತೀನಿ.

ಟೇಪು ಹಿಡಿದವ
ಇರಲಿ ಅನ್ನೋದು ಸರಿ. ಯಾರ ಜೇಬಲ್ಲಿ ಇರಲಿ ಅನ್ನೋದು ಪ್ರಶ್ನೆ.

ಸರ್ಕಾರಿ ಎಸ್ಟಿಮೇಟ್‌ನಲ್ಲೂ ಕೊನೆಗೆ ಕಂಟಿಂಜೆನ್ಸಿ ಸೇರಿಸುತ್ತಾರೆ, ಸಾಮಾನ್ಯವಾಗಿ 3ರಿಂದ 5%. ಆದರೆ ಅದು ಕೆಲಸ ಮಾಡಿಸೋ ಇಲಾಖೆಯ ಕೈಯಲ್ಲಿ ಇರೋ ಹಣ. ಕಂಟ್ರಾಕ್ಟರ್ ಟೆಂಡರ್‌ನಲ್ಲಿ ಅದು ಬರಲ್ಲ. ಮನೆಗೂ ಹಾಗೇ. ನಿಮ್ಮ ಬಜೆಟ್‌ನಲ್ಲಿ 5% ತೆಗೆದಿಡಿ, ಕೊಟೇಶನ್‌ನಲ್ಲಿ ಬೇಡ. ಕೊಟೇಶನ್ ಮೊತ್ತಕ್ಕೆ ಸಹಿ ಹಾಕಿದರೆ ಬಂಡೆ ಸಿಗದಿದ್ದರೂ ಆ 89,610 ಕೊಡಬೇಕಾಗುತ್ತೆ.

ಇನ್ನೊಂದು. ನಿಮ್ಮದು ಅಳತೆ ಪ್ರಕಾರ ಬಿಲ್ ಆದರೆ, ಪ್ರಮಾಣ ಹೆಚ್ಚಾದಾಗ ಹೇಗೂ ಹೆಚ್ಚು ಕೊಡ್ತೀರಿ. ಮೇಲೆ ಕಂಟಿಂಜೆನ್ಸಿ ಕೊಟ್ಟರೆ ಒಂದೇ ಅಪಾಯಕ್ಕೆ ಎರಡು ಸಲ ಕೊಟ್ಟ ಹಾಗೆ. ಒಟ್ಟು ಮೊತ್ತಕ್ಕೆ ಗುತ್ತಿಗೆ ಆದರೆ ಅಪಾಯ ಅವರದ್ದು. ಆಗ ಅವರು ದರದಲ್ಲಿ ಸ್ವಲ್ಪ ಏರಿಸೋದು ನ್ಯಾಯ, ಆದರೆ ಪ್ರಮಾಣ ಹೆಚ್ಚಾಯ್ತು ಅಂತ ಆಮೇಲೆ ಬರಬಾರದು.

ಹಾಗೇ ಆ 3% ವೇಸ್ಟೇಜ್ ಯಾವುದರ ಮೇಲಿದೆ ನೋಡಿ. ಇಡೀ 17.4 ಲಕ್ಷದ ಮೇಲೆ. ಅದರಲ್ಲಿ ಪಾಯ ಅಗೆಯೋ ಕೂಲಿ ಇದೆ, ಎಲೆಕ್ಟ್ರಿಷಿಯನ್ ಕೂಲಿ ಇದೆ. ಅಗೆದ ಗುಂಡಿಯಲ್ಲಿ ವೇಸ್ಟೇಜ್ ಎಲ್ಲಿಂದ ಬರುತ್ತೆ? ಅದು ಸಾಲದು ಅಂತ ಆ 3%ನ ಮೇಲೂ 5% ಕೂತಿದೆ. ಸೇರಿ 8 ಅಲ್ಲ, 8.15%.

ಕೋಟೆ ಊರಿನವ
ಅದು ಹೊಳೆದಿರಲಿಲ್ಲ. ಆದ್ರೆ ಪಾಯದಲ್ಲಿ ಏನು ಸಿಗುತ್ತೆ ಅಂತ ಗೊತ್ತಿಲ್ಲದೆ ಯಾವ ಕಂಟ್ರಾಕ್ಟರ್ ತಾನೇ ಒಪ್ಪುತ್ತಾನೆ?

ಟೇಪು ಹಿಡಿದವ
ಅದಕ್ಕೆ ದರ ಬರೆಸಿ, ಪರ್ಸೆಂಟ್ ಬೇಡ. "4 ಅಡಿ ದಾಟಿದರೆ ಪ್ರತಿ ಘನ ಅಡಿಗೆ ಇಷ್ಟು, ಬಂಡೆ ಬಂದರೆ ಇಷ್ಟು, ಇಬ್ಬರೂ ನಿಂತು ಅಳತೆ ಮಾಡಬೇಕು." ದಾವಣಗೆರೆಯಲ್ಲಿ ಎರೆಮಣ್ಣು ಇರೋ ಕಡೆ ಗಟ್ಟಿ ನೆಲ ಸಿಗೋವರೆಗೆ ಕೆಳಗೆ ಹೋಗಬೇಕಾಗುತ್ತೆ, ಅದೇ ದೊಡ್ಡ ಅನುಮಾನ. ಎರಡು ಮೂಲೆಯಲ್ಲಿ ಜೆಸಿಬಿಯಿಂದ ಗುಂಡಿ ತೆಗೆಸಿ ನೋಡಿದರೆ ಆ ಅನುಮಾನ ಬಹಳ ಮಟ್ಟಿಗೆ ಹೋಗುತ್ತೆ. ಪಾಯ ಮುಗಿದ ಮೇಲೆ ನೀವು ತೆಗೆದಿಟ್ಟ 5%ನ್ನೂ ಕಡಿಮೆ ಮಾಡಿಕೊಳ್ಳಬಹುದು.

ಶಾಮನೂರು ರಸ್ತೆ ಲತಾ
ಕಬ್ಬಿಣದ ವೇಸ್ಟೇಜ್ ಹೇಗೆ ಹಿಡಿಯೋದು ಸರ್? ನಮಗೆ 5% ಹಾಕಿದ್ದರು.

ಟೇಪು ಹಿಡಿದವ
ನಾನಾದರೆ 3% ದಾಟಿದರೆ ಕಾರಣ ಕೇಳ್ತೀನಿ ಮೇಡಂ. ವೇ ಬ್ರಿಡ್ಜ್ ಚೀಟಿ ತಗೊಳ್ಳಿ. ರಾಡ್ ಎಣಿಸಿ ತೂಕ ತಾಳೆ ನೋಡಲು ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರ್‌ನ ಕೆಜಿ ತೂಕ ಬರುತ್ತೆ. 12 ಎಂಎಂ ರಾಡ್ 12 ಮೀಟರ್ ಇದ್ದರೆ ಸುಮಾರು 10.7 ಕೆಜಿ. ವೇಸ್ಟೇಜ್‌ಗೆ ದುಡ್ಡು ಕೊಟ್ಟವರು ನೀವಾದರೆ ತುಂಡು ಕಬ್ಬಿಣವೂ ನಿಮ್ಮದೇ. ಗುಜರಿಗೆ ಹಾಕಿದ ದುಡ್ಡು ಕೇಳಿ.

ನಿಟುವಳ್ಳಿ ಹುಡುಗ (ಶನಿವಾರ)
ನಿನ್ನೆ ಅಪ್ಪ, ನಾನು ಇಬ್ಬರೂ ಹೋಗಿದ್ದೆವು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

87,416 ನೋಡಿದ ತಕ್ಷಣ ಅವರೇ ನಕ್ಕು ತಿದ್ದಿದರು. ಕೊನೆಯ 3% ವೇಸ್ಟೇಜ್ ತೆಗೆದರು, ಮೂರನೇ ಷರತ್ತು ತೋರಿಸಿದ ಮೇಲೆ ಹೆಚ್ಚು ಮಾತಾಡಲಿಲ್ಲ. ಟೈಲ್ಸ್ 664ಕ್ಕೆ ಒಪ್ಪಿದರು, ಆದರೆ ದರ 142 ಮಾಡಬೇಕು ಅಂದರು. ಸ್ಕರ್ಟಿಂಗ್ ಅಂಚು ಪಾಲಿಶ್ ಮಾಡೋ ಕೂಲಿ ಜಾಸ್ತಿಯಂತೆ. 94,288 ಆಗುತ್ತೆ. ಆದರೂ 28,000ಕ್ಕಿಂತ ಜಾಸ್ತಿ ಕಡಿಮೆ ಅಂತ ಅಪ್ಪ ಒಪ್ಪಿಬಿಟ್ಟರು.

ಕಿಟಕಿ ಬಾಗಿಲು ಕಳೆಯೋಕೆ ಮಾತ್ರ ಸುತರಾಂ ಒಪ್ಪಲಿಲ್ಲ. ರುದ್ರೇಶಣ್ಣ ಹೇಳಿದ ಮಾತನ್ನೇ ಅವರೂ ಹೇಳಿದರು. ಬೇಕಿದ್ದರೆ ಸಜ್ಜಾ ಸಾಲು ತೆಗೀತೀನಿ ಅಂದರು. ಸಜ್ಜಾ ಸಾಲು 7,800 ಇದೆ.

ಕಂಟಿಂಜೆನ್ಸಿ 2% ಆದ್ರೂ ಇರಲಿ ಅಂತಿದ್ದಾರೆ. ಗುಂಡಿ ತೆಗೆಸಿ ನೋಡೋಣ ಅಂದಿದ್ದಕ್ಕೆ ಜೆಸಿಬಿ ಬಾಡಿಗೆ ಯಾರು ಕೊಡೋದು ಅನ್ನೋದರಲ್ಲಿ ನಿಂತಿದೆ.

ಟೇಪು ಹಿಡಿದವ
7,800ಕ್ಕೂ 11,340ಕ್ಕೂ 3,540 ವ್ಯತ್ಯಾಸ. ನಾನಾದರೆ ಸಜ್ಜಾ ಸಾಲು ತೆಗೆಸಿ ಅಲ್ಲಿಗೆ ಬಿಡ್ತೀನಿ. ಆದರೆ "ಅಂಚಿಗೆ, ಸಜ್ಜಾಕ್ಕೆ ಬೇರೆ ಬಿಲ್ ಇಲ್ಲ" ಅಂತ ಬರೆಸಿಕೊಂಡು ಬಿಡಿ. ಜೆಸಿಬಿ ಬಾಡಿಗೆ ನೀವೇ ಕೊಡಿ. ಉಳಿದ 2% ಮೂವತ್ತು ಸಾವಿರ ದಾಟುತ್ತೆ, ಜೆಸಿಬಿಗೆ ಅಷ್ಟು ಆಗಲ್ಲ.

ವಿದ್ಯಾನಗರ ಮಂಜು
ನನಗಿನ್ನೂ ಕಿಟಕಿ ಕಳೀಬೇಕು ಅಂತಾನೇ ಅನ್ಸುತ್ತೆ. 270 ಆದ್ರೂ ಕಳೀಲಿ.

ಹರಿಹರದ ಸೀನಪ್ಪ
ಮಾವನ ಮಗನ್ನ ಕೇಳಿದೆ. 1,950ರಲ್ಲಿ ಸಂಪು, ಕಾಂಪೌಂಡ್ ಎರಡೂ ಇರಲಿಲ್ಲವಂತೆ. ಬಾಲ್ಕನಿನೂ 825ರ ಥರ ಪೂರ್ತಿ ಲೆಕ್ಕಕ್ಕೆ ಹಿಡಿದಿದ್ರಂತೆ. ಈಗ ಅವನೂ ಹಳೇ ಕೊಟೇಶನ್ ಹುಡುಕ್ತಾ ಕೂತಿದಾನೆ.